ಹಾಜರಿ ಪುಸ್ತಕದ ಹೆಸರುಗಳು ಮಾರಾಟಕ್ಕಲ್ಲ



1974ರ ನೇತ್ರಾವತಿಯ ನೆರೆಯ ನೆನಪುಗಳನ್ನು ಈ ಸಲ ಮುಂದುವರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಕ್ಷಮಿಸಿ, ಅದು ಮುಂದಿನ ಸಲಕ್ಕಿರಲಿ. ಇಂದು ಮನಸ್ಸು ಬೇರೆ ಕಡೆ ಹರಿದಿದೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

2025ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದಳು. ಬಂಟ್ವಾಳದ ಹತ್ತಿರದ ಹಳ್ಳಿಯವಳು. ಗಂಡ ರಿಕ್ಷಾ ಓಡಿಸುತ್ತಾನೆ, ಇವಳು ಬೀಡಿ ಕಟ್ಟುತ್ತಾಳೆ. ಮಗಳು ಆಗ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸಿದ್ಧತೆಯಲ್ಲಿದ್ದಳು.

“ಮಾಷ್ಟ್ರೇ, ಒಂದು ಕಾಲೇಜಿನಿಂದ ಫೋನು ಬಂತು. ಮಗಳ ಹೆಸರು ಹೇಳಿದರು, ಶಾಲೆಯ ಹೆಸರು ಹೇಳಿದರು. ಮಧ್ಯವಾರ್ಷಿಕದಲ್ಲಿ ಎಷ್ಟು ಪರ್ಸೆಂಟ್ ಬಂದಿತ್ತು ಅಂತ ಕೂಡ ಅವರಿಗೆ ಗೊತ್ತುಂಟು. ಇವತ್ತು ಸಂಜೆ ಐದು ಗಂಟೆಯೊಳಗೆ ಹತ್ತು ಸಾವಿರ ಕಟ್ಟಿದರೆ ಅರ್ಧ ಫೀಸು ಮಾಫಿಯಂತೆ. ನಾಳೆಗೆ ಸೀಟು ಇಲ್ಲವಂತೆ. ಕಟ್ಟಿಯಾಯಿತು. ಈಗ ಹೆದರಿಕೆ ಆಗ್ತಾ ಉಂಟು.”

ಮಗಳಿಗೆ ಬೇಕಾಗಿದ್ದುದು ವಾಣಿಜ್ಯ ವಿಭಾಗ. ಹಣ ಕಟ್ಟಿದ್ದು ನೀಟ್ ತರಬೇತಿ ಸಹಿತವಾದ ವಿಜ್ಞಾನಕ್ಕೆ. ಹಣವನ್ನು ಹಿಂದೆ ಪಡೆಯಲು ನಾವಿಬ್ಬರೂ ಎರಡು ಸಲ ಆ ಕಚೇರಿಯ ಮೆಟ್ಟಿಲು ಹತ್ತಿ ಬಂದೆವು. ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಹಿಂತಿರುಗಿಸಲಾಗುವುದಿಲ್ಲ ಎಂದು ಮುದ್ರಿಸಿದ್ದರು. ಹಣ ಬರಲಿಲ್ಲ. ಸಂಸ್ಥೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಂದರ ಹೆಸರು ಬರೆದರೆ ಉಳಿದವರು ತಾವು ಶುದ್ಧರೆಂದು ಭಾವಿಸಿಯಾರು.

ಆದರೆ ಅವಳು ಕೇಳಿದ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. “ಅವರಿಗೆ ನಮ್ಮ ಮಗಳ ಮಾರ್ಕು ಹೇಗೆ ಗೊತ್ತಾಯಿತು ಮಾಷ್ಟ್ರೇ?”

ಉತ್ತರ ಹುಡುಕಲು ಹೆಚ್ಚು ದೂರ ಹೋಗಬೇಕಾಗಲಿಲ್ಲ. ಹಿಂದಿನ ಡಿಸೆಂಬರ್‌ನಲ್ಲಿ ಆ ಹುಡುಗಿಯ ಶಾಲೆಯಲ್ಲಿ ಒಂದು ‘ಪ್ರತಿಭಾ ವಿದ್ಯಾರ್ಥಿವೇತನ ಪರೀಕ್ಷೆ’ ನಡೆದಿತ್ತು. ಉಚಿತ ಪರೀಕ್ಷೆ, ಬರೆದವರಿಗೆಲ್ಲ ಪ್ರಮಾಣಪತ್ರ. ಅದರ ಅರ್ಜಿ ನಮೂನೆಯ ಒಂದು ಪ್ರತಿ ಹುಡುಗಿಯ ಚೀಲದಲ್ಲಿಯೇ ಸಿಕ್ಕಿತು. ಅದನ್ನು ಮೇಜಿನ ಮೇಲೆ ಹರಡಿ, ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದವನ ಕಣ್ಣಿನಿಂದ ಓದಿದೆ.

ಮೊದಲ ಮೂರು ಅಂಕಣಗಳು ವಿದ್ಯಾರ್ಥಿಯ ಹೆಸರು, ಶಾಲೆ, ತರಗತಿ. ಪರೀಕ್ಷೆ ನಡೆಸುವುದಕ್ಕೆ ಇಷ್ಟು ಸಾಕು. ನೋಂದಣಿ ಸಂಖ್ಯೆ ಕೊಡಬಹುದು, ಫಲಿತಾಂಶವನ್ನು ಶಾಲೆಗೆ ಕಳುಹಿಸಬಹುದು. ಆದರೆ ಅರ್ಜಿ ಅಲ್ಲಿಗೆ ನಿಲ್ಲುವುದಿಲ್ಲ. ತಂದೆಯ ಹೆಸರು ಮತ್ತು ಉದ್ಯೋಗ, ತಾಯಿಯ ಹೆಸರು ಮತ್ತು ಉದ್ಯೋಗ, ಇಬ್ಬರ ಮೊಬೈಲ್ ಸಂಖ್ಯೆ, ಅವುಗಳಲ್ಲಿ ವಾಟ್ಸಾಪ್ ಇರುವುದು ಯಾವುದು, ಮಧ್ಯವಾರ್ಷಿಕ ಪರೀಕ್ಷೆಯ ಶೇಕಡಾವಾರು ಅಂಕ, ಮುಂದೆ ಓದಲಿಚ್ಛಿಸುವ ವಿಭಾಗ, ಮನೆಯಲ್ಲಿರುವ ತಮ್ಮ ತಂಗಿಯರು ಮತ್ತು ಅವರ ತರಗತಿ. ತಮ್ಮನ ತರಗತಿಗೂ ಅಕ್ಕನ ಪರೀಕ್ಷೆಗೂ ಏನು ಸಂಬಂಧ? ತಂದೆಯ ಉದ್ಯೋಗ ತಿಳಿದರೆ ಪ್ರಶ್ನೆ ಪತ್ರಿಕೆ ಸುಲಭವಾಗುತ್ತದೆಯೇ? ಅದು ಪರೀಕ್ಷೆಯ ಅರ್ಜಿಯೇ ಅಲ್ಲ. ಗಿರಾಕಿಯ ಜಾತಕ. ಮಗು ತನ್ನ ಕೈಯಾರೆ ತನ್ನ ಮನೆಯ ಜಾತಕವನ್ನು ಬರೆದುಕೊಟ್ಟಿದೆ. ತರಗತಿ ಅಧ್ಯಾಪಕರು ಅದನ್ನು ಒಟ್ಟುಮಾಡಿ ಕೊಟ್ಟಿದ್ದಾರೆ.

ಹೀಗೇಕೆ ಆಗುತ್ತಿದೆ ಎಂಬುದನ್ನು ವಿವರಿಸಿದವನು ಇನ್ನೊಬ್ಬ ಶಿಷ್ಯ. ಜಾಹೀರಾತು ಕಂಪನಿಯೊಂದರಲ್ಲಿ ಕೆಲಸ ಮಾಡುವವನು, ರಜೆಯಲ್ಲಿ ಮನೆಗೆ ಬಂದಿದ್ದ. ನನ್ನ ಮುಂದೆ ತನ್ನ ಲ್ಯಾಪ್‌ಟಾಪ್ ತೆರೆದು, ನಾನು ಅವನಿಗೆ ಭೂಪಟ ತೋರಿಸಿದ ಹಾಗೆಯೇ, ಒಂದೊಂದನ್ನೂ ತೋರಿಸಿದ.

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ಗಳ ಒಡೆತನದ ಮೆಟಾ ಕಂಪನಿ 2021ರಲ್ಲಿ ಒಂದು ಮಿತಿ ಹಾಕಿಕೊಂಡಿತು. ಹದಿನೆಂಟು ತುಂಬದವರಿಗೆ ಜಾಹೀರಾತು ತೋರಿಸುವಾಗ ಅವರ ವಯಸ್ಸು, ಲಿಂಗ, ಊರು ಇವಿಷ್ಟನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು. ಅವರು ಏನನ್ನು ನೋಡಿದರು, ಏನನ್ನು ಮೆಚ್ಚಿದರು ಎಂಬುದನ್ನು ಬಳಸುವಂತಿಲ್ಲ. 2023ರ ಫೆಬ್ರವರಿಯಲ್ಲಿ ಲಿಂಗವನ್ನೂ ಕೈಬಿಟ್ಟರು. ಗೂಗಲ್ ಕೂಡ 2021ರಲ್ಲಿಯೇ ಇಂತಹ ನಿರ್ಧಾರ ಪ್ರಕಟಿಸಿತ್ತು. ನಮ್ಮ ದೇಶದಲ್ಲಿ 2023ರ ಆಗಸ್ಟ್‌ನಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಕಟ್ಟುನಿಟ್ಟು. ಅದರ ಪ್ರಕಾರ ಹದಿನೆಂಟು ವರ್ಷದ ಕೆಳಗಿನ ಯಾರೇ ಆದರೂ ಮಗು. 9ನೇ ಕಲಮಿನ ಪ್ರಕಾರ ಮಗುವಿನ ಚಲನವಲನವನ್ನು ಹಿಂಬಾಲಿಸಿ ಗಮನಿಸುವಂತಿಲ್ಲ, ಮಗುವನ್ನೇ ಗುರಿಯಾಗಿಸಿ ಜಾಹೀರಾತು ಬಿಡುವಂತಿಲ್ಲ. ಮಗುವಿನ ಮಾಹಿತಿಯನ್ನು ಬಳಸುವುದಕ್ಕೆ ಹೆತ್ತವರ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿಜವಾಗಿ ಹೆತ್ತವರದೇ ಎಂದು ಖಚಿತಪಡಿಸಿಕೊಳ್ಳಲೂ ಬೇಕು. ತಪ್ಪಿದರೆ ದಂಡ 200 ಕೋಟಿ ರೂಪಾಯಿಯವರೆಗೆ.

“ಹಾಗಾದರೆ ನಿಮ್ಮ ಅಂಗಡಿ ಮುಚ್ಚಿತಲ್ಲ?” ಎಂದು ಕೇಳಿದೆ.

ಅವನು ನಕ್ಕ. “ಇಲ್ಲ ಸರ್, ಗುರಿ ಒಂದು ಗೇಣು ಪಕ್ಕಕ್ಕೆ ಸರಿಯಿತು, ಅಷ್ಟೇ. ಮಗುವಿನ ಬದಲು ಅಮ್ಮ.”

ಅವನು ತೋರಿಸಿದ ಪರದೆಯಲ್ಲಿ ಬಿ.ಸಿ. ರೋಡಿನ ಸುತ್ತ ಒಂದು ವೃತ್ತ ಎಳೆಯಬಹುದಾಗಿತ್ತು. ಆ ವೃತ್ತದೊಳಗಿನ ಹೆತ್ತವರಿಗೆ ಮಾತ್ರ, ಅದರಲ್ಲಿಯೂ ಹದಿಹರೆಯದ ಮಕ್ಕಳಿರುವ ಹೆತ್ತವರಿಗೆ ಮಾತ್ರ ಜಾಹೀರಾತು ಕಾಣುವಂತೆ ಮಾಡಬಹುದಾಗಿತ್ತು. ಇದಾದರೂ ಅಂದಾಜಿನ ಲೆಕ್ಕ. ಅದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದು. ಜಾಹೀರಾತುದಾರನ ಬಳಿ ಫೋನ್ ಸಂಖ್ಯೆಗಳ ಪಟ್ಟಿಯಿದ್ದರೆ ಅದನ್ನು ಆ ಕಂಪನಿಗೆ ಏರಿಸಬಹುದು. ಪ್ರತಿ ಸಂಖ್ಯೆಯೂ ಒಂದು ಗೂಢ ಸಂಕೇತವಾಗಿ ಬದಲಾಗಿ, ಖಾತೆದಾರರ ಸಂಖ್ಯೆಗಳ ಸಂಕೇತಗಳೊಡನೆ ಹೋಲಿಕೆಯಾಗುತ್ತದೆ. ಹೊಂದಿಕೆಯಾದವರ ಮೊಬೈಲಿನಲ್ಲಿ ಜಾಹೀರಾತು ಕಾಣಿಸಿಕೊಳ್ಳುತ್ತದೆ. ಇಷ್ಟರ ಮೇಲೆ, ‘ಇವರಂತೆಯೇ ಇರುವ ಇನ್ನಷ್ಟು ಜನರನ್ನು ಹುಡುಕಿಕೊಡು’ ಎಂದೂ ಕೇಳಬಹುದು. ಸಂಖ್ಯೆಗಳನ್ನು ಬಳಸಲು ತನಗೆ ಹಕ್ಕಿದೆ ಎಂದು ಏರಿಸುವವನು ಒಪ್ಪಿಕೊಳ್ಳಬೇಕು ಎಂಬ ಷರತ್ತಿದೆ. ಒಪ್ಪಿಕೊಳ್ಳುವುದೆಂದರೆ ಒಂದು ಗುಂಡಿ ಒತ್ತುವುದು.

ನನ್ನ ಶಿಷ್ಯೆಯ ಮೊಬೈಲಿನಲ್ಲಿ ಜನವರಿಯಿಂದಲೇ ಬಿಳಿ ಕೋಟು ತೊಟ್ಟ ಹುಡುಗಿಯರ ಚಿತ್ರಗಳು ಯಾಕೆ ಬರುತ್ತಿದ್ದುವೆಂದು ಅವಳಿಗೆ ತಿಳಿದಿರಲಿಲ್ಲ. ಡಿಸೆಂಬರಿನ ಅರ್ಜಿ, ಜನವರಿಯ ಚಿತ್ರ, ಮಾರ್ಚಿನ ಫೋನು. ನಡುವಿನ ದಾರವನ್ನು ನಾನು ಕಣ್ಣಾರೆ ಕಂಡಿಲ್ಲ, ಆದರೆ ಅರ್ಜಿಯಲ್ಲಲ್ಲದೆ ಬೇರೆಲ್ಲಿಯೂ ಆ ಅಂಕವನ್ನು ಅವರು ಬರೆದುಕೊಟ್ಟಿರಲಿಲ್ಲ.

ಇಲ್ಲಿಯೇ ನನ್ನ ತಕರಾರು. ನಮ್ಮ ಕಾನೂನು ಮಗುವಿನ ಸುತ್ತ ಬೇಲಿ ಕಟ್ಟಿ, ಅದರ ಬೀಗದ ಕೈಯನ್ನು ಹೆತ್ತವರಿಗೆ ಕೊಟ್ಟಿತು. ಹೆತ್ತವರು ವಿವೇಕಿಗಳು, ಮಗು ಮರುಳಾಗುವಂಥದ್ದು ಎಂಬುದು ಅದರ ಹಿಂದಿನ ನಂಬಿಕೆ. ಅದು ಮಿಠಾಯಿ, ಆಟಿಕೆಗಳ ವಿಷಯದಲ್ಲಿ ಸರಿ. ಶಿಕ್ಷಣದ ವಿಷಯದಲ್ಲಿ ನಾನು ಕಂಡದ್ದು ಬಹುಮಟ್ಟಿಗೆ ಇದರ ತಿರುಗುಮುರುಗು. ಹದಿನೈದು ವರ್ಷದ ಹುಡುಗಿಗೆ ತನಗೆ ಲೆಕ್ಕಶಾಸ್ತ್ರ ಇಷ್ಟ, ಜೀವಶಾಸ್ತ್ರ ಆಗದು ಎಂದು ಸ್ಪಷ್ಟವಾಗಿ ಗೊತ್ತಿತ್ತು. ಹೆದರಿದವಳು ತಾಯಿ. ತಾನು ಓದಲಿಲ್ಲ, ಮಗಳಾದರೂ ತನ್ನಂತೆ ಬೀಡಿಯ ಮೊರದ ಮುಂದೆ ಕೂರಬಾರದು ಎಂಬ ಹೆದರಿಕೆ. ಸೀಟು ಮಾರುವವರು ಮಾರುವುದು ಆ ಹೆದರಿಕೆಯನ್ನೇ. ತಾಯಿಯನ್ನು ಗುರಿಯಾಗಿಸಿದ ಜಾಹೀರಾತು ‘ಮಗುವನ್ನು ಗುರಿಯಾಗಿಸಿದ’ ಜಾಹೀರಾತು ಅಲ್ಲವೆಂದು 9ನೇ ಕಲಮನ್ನು ಓದಬಹುದು, ಹಾಗೆಯೇ ಓದುತ್ತಾರೆ.

ಇನ್ನೊಂದು ಮುಖವನ್ನೂ ಹೇಳಬೇಕು. ಹದಿನೇಳರ ಹುಡುಗನೊಬ್ಬನಿಗೆ ನಿಜವಾಗಿಯೂ ಉಪಯೋಗವಾಗುವ ವಿದ್ಯಾರ್ಥಿವೇತನದ ಸುದ್ದಿಯನ್ನು ಅವನ ಆಸಕ್ತಿ ನೋಡಿ ಅವನಿಗೇ ತಲುಪಿಸುವುದೂ ಈ ಕಾಯ್ದೆಯಡಿ ಕಷ್ಟ. ಅಂದರೆ ಒಳ್ಳೆಯ ಸುದ್ದಿಯೂ ಹೆತ್ತವರ ಮೂಲಕವೇ ಹೋಗಬೇಕು, ಕೆಟ್ಟದ್ದೂ ಅವರ ಮೂಲಕವೇ. ಆ ಬಾಗಿಲಲ್ಲಿ ಕಾವಲಿಲ್ಲ.

ಬಾಗಿಲಲ್ಲಿ ಏನೂ ಇಲ್ಲವೆಂದರೆ ತಪ್ಪಾದೀತು. ಸಂದೇಶದಲ್ಲಿ ಏನು ಹೇಳಬಹುದು ಎಂಬುದಕ್ಕೆ ನಿಯಮಗಳಿವೆ. ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2023ರಲ್ಲಿ ಶಿಕ್ಷಣ ಸಂಸ್ಥೆಗಳ ಜಾಹೀರಾತಿನ ಸೂತ್ರಗಳನ್ನು ಪರಿಷ್ಕರಿಸಿತು. ಕಡಿಮೆ ಅಂಕ ಪಡೆದವನನ್ನು ಸೋತವನೆಂದು ತೋರಿಸಬಾರದು, ನಿದ್ದೆ ಊಟ ಬಿಟ್ಟು ಓದುವುದನ್ನು ಮೆರೆಸಬಾರದು, ಈಗಲೇ ಸೇರದಿದ್ದರೆ ಕೆಟ್ಟಿರಿ ಎಂಬ ಗಾಬರಿ ಹುಟ್ಟಿಸಬಾರದು ಎಂದು ಅದರಲ್ಲಿದೆ. ಇದು ಜಾಹೀರಾತು ಉದ್ಯಮವೇ ತನಗೆ ತಾನು ಹಾಕಿಕೊಂಡ ಶಿಸ್ತು. ಕಾನೂನಿನ ಬಲ ಇರುವುದು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ. ಅದು 2024ರ ನವೆಂಬರ್ 13ರಂದು ಕೋಚಿಂಗ್ ಕ್ಷೇತ್ರದ ಜಾಹೀರಾತುಗಳಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ಸೀಟಿನ ಖಾತರಿ, ರ‍್ಯಾಂಕಿನ ಖಾತರಿ ಕೊಡುವಂತಿಲ್ಲ. ಇಲ್ಲದ ಅವಸರವನ್ನು ಸೃಷ್ಟಿಸುವಂತಿಲ್ಲ. ಷರತ್ತುಗಳ ಅಕ್ಷರವು ಹೆಗ್ಗಳಿಕೆಯ ಅಕ್ಷರದಷ್ಟೇ ದೊಡ್ಡದಿರಬೇಕು.

ಮೂಡುಬಿದಿರೆಯ ದಾರಿಯಲ್ಲೋ ಬೆಳ್ತಂಗಡಿಯ ದಾರಿಯಲ್ಲೋ ಬಸ್ಸಿನ ಕಿಟಕಿಯ ಪಕ್ಕ ಕುಳಿತವರಿಗೆ ಫಲಿತಾಂಶದ ತಿಂಗಳಿನ ಫ್ಲೆಕ್ಸುಗಳನ್ನು ವರ್ಣಿಸಬೇಕಾಗಿಲ್ಲ. ಆ ಮಾರ್ಗಸೂಚಿ ಒಂದು ಫ್ಲೆಕ್ಸಿಗೆ ಏನು ಮಾಡುತ್ತದೆಂದು ನೋಡಿ. ನಗುವ ಹುಡುಗಿಯ ಚಿತ್ರ ಹಾಕಬೇಕಾದರೆ ಅವಳ ಒಪ್ಪಿಗೆ ಬೇಕು; ಅದೂ ಸೇರುವ ದಿನ ಅರ್ಜಿಯೊಂದಿಗೆ ಹಾಕಿಸಿಕೊಂಡ ಸಹಿಯಲ್ಲ, ಅವಳು ಯಶಸ್ಸು ಪಡೆದ ಮೇಲೆ ಕೊಟ್ಟ ಒಪ್ಪಿಗೆ. ಚಿತ್ರದ ಜತೆಗೆ ಅವಳ ರ‍್ಯಾಂಕು, ಅವಳು ಅಲ್ಲಿ ಪಡೆದ ಕೋರ್ಸು, ಅದರ ಅವಧಿ, ಅದಕ್ಕೆ ಹಣ ಕೊಟ್ಟಿದ್ದಳೇ ಎಂಬುದನ್ನು ಬರೆಯಬೇಕು. ಎರಡು ವರ್ಷ ಓದಿದವಳೋ, ಕೊನೆಯ ಮೂರು ವಾರ ಮಾದರಿ ಪರೀಕ್ಷೆ ಬರೆದು ಹೋದವಳೋ ಎಂದು ಆಗ ತಿಳಿಯುತ್ತದೆ. ಒಂದೇ ಹುಡುಗಿ ಎರಡು ಸಂಸ್ಥೆಗಳ ಫ್ಲೆಕ್ಸಿನಲ್ಲಿ ನಗುವುದರ ಗುಟ್ಟೂ ಹೊರಬೀಳುತ್ತದೆ. ಈ ಮಾರ್ಗಸೂಚಿ ಹೊರಡುವ ವೇಳೆಗೆ ಪ್ರಾಧಿಕಾರವು 18 ಕೋಚಿಂಗ್ ಸಂಸ್ಥೆಗಳಿಗೆ ಒಟ್ಟು 54.60 ಲಕ್ಷ ರೂಪಾಯಿ ದಂಡ ವಿಧಿಸಿತ್ತು ಎಂಬುದು ಗೊತ್ತಿರಲಿ. ಆದರೆ ನಮ್ಮ ಜಿಲ್ಲೆಯ ಫ್ಲೆಕ್ಸುಗಳಲ್ಲಿ ಬಹುಪಾಲು ಹಾಕುವವರು ‘ಕೋಚಿಂಗ್ ಕೇಂದ್ರ’ವೆಂಬ ಹೆಸರು ಹೊತ್ತವರಲ್ಲ, ಪದವಿಪೂರ್ವ ಕಾಲೇಜುಗಳು. ಬೋರ್ಡು ಕಾಲೇಜಿನದು, ಮಾರುವ ಸರಕು ಕೋಚಿಂಗು. ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ, ಕೋಚಿಂಗ್ ಸಂಸ್ಥೆಗಳು ಬರುತ್ತವೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ಹೇಳಿತ್ತು. ಎರಡೂ ಒಂದೇ ಕಟ್ಟಡದಲ್ಲಿ, ಒಂದೇ ರಸೀದಿಯಲ್ಲಿ ಇದ್ದಾಗ ಯಾವುದನ್ನು ಹಿಡಿಯುವುದು?

ಫ್ಲೆಕ್ಸಾದರೂ ನಾಲ್ಕು ಜನರ ಕಣ್ಣೆದುರು ಇರುತ್ತದೆ. ಸುಳ್ಳಾದರೆ ಅಂಗಡಿಯ ಜಗಲಿಯಲ್ಲಿ ಕುಳಿತವರು ನಗುತ್ತಾರೆ. ಫೋನು ಹಾಗಲ್ಲ, ಅದು ಒಬ್ಬಳೇ ತಾಯಿಯ ಕಿವಿಯಲ್ಲಿ, ಅವಳ ಮಗಳ ಹೆಸರು ಹೇಳಿ ಮಾತಾಡುತ್ತದೆ. ‘ಸಂಜೆ ಐದು ಗಂಟೆ’ ಎಂದು ಹೇಳಿದ್ದಕ್ಕೆ ದಾಖಲೆ ಎಲ್ಲಿದೆ? ಮಂಡಳಿಗೆ ದೂರು ಕೊಡೋಣವೆಂದರೆ ಜಾಹೀರಾತಿನ ಪ್ರತಿ ಎಲ್ಲಿ? ನಿಯಮಗಳು ಮುದ್ರಿತ ಮಾತನ್ನು ಬಿಗಿಗೊಳಿಸಿದಷ್ಟೂ ಪ್ರಚಾರವು ಆಡುಮಾತಿಗೆ ಜಾರುತ್ತಿದೆ.

ಇದು ಕರಾವಳಿಯ ರೋಗ ಮಾತ್ರವಲ್ಲ. 2020ರಲ್ಲಿ ವೈಟ್‌ಹ್ಯಾಟ್ ಜೂನಿಯರ್ ಎಂಬ ಕಂಪನಿ, ಕೋಡಿಂಗ್ ಕಲಿತ ಪುಟ್ಟ ಹುಡುಗನಿಗೆ ಕೋಟಿಗಟ್ಟಲೆ ಸಂಬಳದ ಕೆಲಸ ಸಿಕ್ಕಿತೆಂದು ಜಾಹೀರಾತು ಮಾಡಿತು. ಅಂತಹ ಹುಡುಗನೇ ಇರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗವು ಬೆಂಗಳೂರಿನ ಬೈಜೂಸ್ ಸಂಸ್ಥೆಯ ಮುಖ್ಯಸ್ಥರಿಗೆ ಸಮನ್ಸ್ ಕಳುಹಿಸಿತು. ಮಕ್ಕಳ ಮತ್ತು ಹೆತ್ತವರ ಫೋನ್ ಸಂಖ್ಯೆಗಳನ್ನು ಕೊಂಡು ಬೆನ್ನು ಹತ್ತುತ್ತಾರೆಂಬುದು ಆಯೋಗದ ಆಕ್ಷೇಪ. ಸಂಖ್ಯೆ ಕೊಳ್ಳುತ್ತೇವೆಂಬುದನ್ನು ಕಂಪನಿ ನಿರಾಕರಿಸಿತು. ದೊಡ್ಡವರಾದರೆ ಸಮನ್ಸ್ ಬರುತ್ತದೆ. ತಾಲೂಕಿನ ಮಟ್ಟದ ಸಣ್ಣವರನ್ನು ಕೇಳುವವರು ಯಾರು?

ಈಗ ನನ್ನ ತಪ್ಪೊಪ್ಪಿಗೆ. ನಾನು ಸೇವೆಯಲ್ಲಿದ್ದಾಗ ಒಂದು ಏಪ್ರಿಲ್‌ನಲ್ಲಿ ಕಾಲೇಜೊಂದರ ಪರಿಚಯಪತ್ರ ಹಿಡಿದು ಒಬ್ಬ ಸಜ್ಜನರು ಬಂದರು. ಒಂದು ಡೈರಿ, ಒಂದು ಪೆನ್ನು, ಗೋಡಂಬಿ ಬರ್ಫಿಯ ಪೊಟ್ಟಣ. ಹತ್ತನೆಯ ತರಗತಿಯ ಮಕ್ಕಳ ವಿಳಾಸ ಕೇಳಿದರು. ಮಕ್ಕಳಿಗೆ ಉಪಕಾರವಾದೀತೆಂದು ನಾನೇ ಹಾಜರಿ ಪುಸ್ತಕ ತೆರೆದು ಎರಡು ಹಾಳೆ ಬರೆದುಕೊಟ್ಟೆ. ಬರ್ಫಿಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹಂಚಿಕೊಂಡೆವು. ಆಗ ಅಂಚೆಯಲ್ಲಿ ಒಂದು ಕೈಪಿಡಿ ಬರುತ್ತಿತ್ತು, ಅಷ್ಟೇ. ಅದರಲ್ಲಿ ಅಡಗಿದ್ದ ಪಾಪ ಆಗ ಕಾಣಲಿಲ್ಲ. ಕೊಟ್ಟ ಆ ಹೆಸರುಗಳು ನನ್ನವಾಗಿರಲಿಲ್ಲ.

ಈ ಬಗ್ಗೆ ಒಬ್ಬ ಮುಖ್ಯೋಪಾಧ್ಯಾಯ ಮಿತ್ರರೊಡನೆ ವಾದವಾಯಿತು. “ಮೇ ತಿಂಗಳಲ್ಲಿ ನಮ್ಮ ಕನ್ನಡ ಶಾಲೆಯವರೂ ಮನೆಮನೆಗೆ ಹೋಗಿ ಮಕ್ಕಳನ್ನು ಕರೆಯುವುದಿಲ್ಲವೇ? ಅದೂ ಗುರಿಯಿಟ್ಟ ಪ್ರಚಾರವೇ ಅಲ್ಲವೇ?” ಎಂದರು. ಹೌದು. ನಾನೂ ತೋಟದ ಬದುವಿನಲ್ಲಿ ಕೊಡೆ ಹಿಡಿದು ನಡೆದಿದ್ದೇನೆ. ಆದರೆ ಆ ಮನೆಯ ಜಗಲಿಯಲ್ಲಿ ಕುಳಿತು ಆಡಿದ ಮಾತಿಗೆ ಮರುವರ್ಷ ಅದೇ ದಾರಿಯಲ್ಲಿ ನಾನು ಉತ್ತರ ಹೇಳಬೇಕಾಗಿತ್ತು. ಶೌಚಾಲಯದ ಬಾಗಿಲು ಸರಿಮಾಡಿಸುತ್ತೇನೆಂದು ಹೇಳಿ ಮಾಡಿಸದೆ ಇದ್ದಾಗ ಒಬ್ಬ ಅಜ್ಜಿ ನನ್ನನ್ನು ಸಂತೆಯಲ್ಲಿ ನಿಲ್ಲಿಸಿ ಕೇಳಿದ್ದಾರೆ. ಫೋನು ಮಾಡಿದ ‘ಕೌನ್ಸೆಲರ್’ ಎಂಬ ಹುಡುಗಿಯನ್ನು ಯಾವ ಸಂತೆಯಲ್ಲಿ ಹುಡುಕುವುದು? ಪಾಪ, ಅವಳೂ ತಿಂಗಳಿಗೆ ಇಷ್ಟು ಸೀಟು ಎಂಬ ಲೆಕ್ಕಕ್ಕೆ ಕಟ್ಟುಬಿದ್ದವಳು.

ದತ್ತಾಂಶ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿ ಇಟ್ಟಿದ್ದಾರೆ. ಶಾಲೆಗಳಿಗೆ ಒಂದು ವಿನಾಯಿತಿಯಿದೆ. ಅದನ್ನೇ ತೋರಿಸಿ ಕೆಲವರು ‘ಶಾಲೆಗೆ ಕಾಯ್ದೆ ಅನ್ವಯಿಸುವುದಿಲ್ಲ’ ಎನ್ನುತ್ತಿದ್ದಾರೆ. ಅದು ತಪ್ಪು. ತನ್ನದೇ ಶೈಕ್ಷಣಿಕ ಚಟುವಟಿಕೆಗಾಗಿ, ತನ್ನಲ್ಲಿ ಓದುವ ಮಕ್ಕಳ ಸುರಕ್ಷತೆಗಾಗಿ ಮಗುವನ್ನು ಗಮನಿಸುವುದಕ್ಕೆ ಮಾತ್ರ ವಿನಾಯಿತಿ. ಇನ್ನೊಂದು ಸಂಸ್ಥೆಗೆ ಪಟ್ಟಿ ದಾಟಿಸುವುದಕ್ಕಲ್ಲ. ಕಾಗದದ ಮೇಲೆ ಮಾತ್ರ ಇರುವ ಮಾಹಿತಿಯನ್ನು ಕಾಯ್ದೆ ಮುಟ್ಟುವುದಿಲ್ಲ ಎಂಬುದು ನಿಜ. ಆದರೆ ಅರ್ಜಿಯ ಅಂಕಣಗಳನ್ನು ಕಂಪ್ಯೂಟರಿಗೆ ಏರಿಸಿದ ಕ್ಷಣದಿಂದ ಅದು ಕಾಯ್ದೆಯೊಳಗೆ ಬಂತು. ಇನ್ನೊಂದು ಮಾತು 6ನೇ ಕಲಮಿನಲ್ಲಿದೆ: ಒಪ್ಪಿಗೆ ಎಂಬುದು ಹೇಳಿದ ಉದ್ದೇಶಕ್ಕೆ ಅಗತ್ಯವಾದ ಮಾಹಿತಿಗೆ ಮಾತ್ರ ಸೀಮಿತ. ದೂರವೈದ್ಯ ಸೇವೆಯ ಆ್ಯಪ್ ಒಂದು ಮೊಬೈಲಿನ ಸಂಪರ್ಕ ಪಟ್ಟಿಯನ್ನೂ ಕೇಳಿದರೆ, ‘ಹೂಂ’ ಎಂದಿದ್ದರೂ ಆ ಒಪ್ಪಿಗೆ ಚಿಕಿತ್ಸೆಗೆ ಮಾತ್ರ ಎಂದು ಕಾಯ್ದೆಯೇ ಉದಾಹರಣೆ ಕೊಡುತ್ತದೆ. ನಮ್ಮ ಅರ್ಜಿಗೆ ಇದನ್ನು ಹೊಂದಿಸಿ ನೋಡಿ. ಪರೀಕ್ಷೆಗೆ ತಮ್ಮನ ತರಗತಿ ಬೇಡ.

ಫೋನಿನ ಕಾಟದ ಬಗ್ಗೆ ಕೇಳಿದವರಿಗೆ ಇಷ್ಟು ಹೇಳುತ್ತೇನೆ. 1909ರಲ್ಲಿ ನೋಂದಾಯಿಸಿದರೆ ಪ್ರಚಾರದ ಕರೆ, ಸಂದೇಶಗಳನ್ನು ತಡೆಯಬಹುದು; ಶಿಕ್ಷಣವೆಂಬುದು ಅಲ್ಲಿ ಪ್ರತ್ಯೇಕ ವಿಭಾಗ. 2025ರ ತಿದ್ದುಪಡಿಯ ಪ್ರಕಾರ ಅನಪೇಕ್ಷಿತ ಕರೆಯ ಬಗ್ಗೆ ಏಳು ದಿನದೊಳಗೆ ದೂರು ಕೊಡಬಹುದು. ವಾಟ್ಸಾಪ್ ಇದರ ವ್ಯಾಪ್ತಿಯಲ್ಲಿಲ್ಲ. ಇನ್ನು, ಯಾರಾದರೂ ‘ಇವತ್ತೇ ಕಡೆಯ ದಿನ’ ಎಂದರೆ, ಅದನ್ನು ಬರಹದಲ್ಲಿ ಕಳುಹಿಸಿ ಎನ್ನಿ. ಬರೆದು ಕಳುಹಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕೊಡಲು ನಿಮ್ಮ ಕೈಯಲ್ಲಿ ಪ್ರತಿ ಇರುತ್ತದೆ. ಕಳುಹಿಸದಿದ್ದರೆ ಅವಸರ ಸುಳ್ಳೆಂದು ತಿಳಿದಂತಾಯಿತು.

ಆದರೆ ನನ್ನ ಜಗಳ ಇರುವುದು ತಾಯಂದಿರೊಡನೆ ಅಲ್ಲ, ನಮ್ಮವರೊಡನೆ. ಇದನ್ನು ಓದುವವರಲ್ಲಿ ಹನ್ನೊಂದು ಮಂದಿ ಇಂದು ಅಧ್ಯಾಪಕರಾಗಿದ್ದೀರಿ, ಇಬ್ಬರು ಮುಖ್ಯೋಪಾಧ್ಯಾಯರು. ನಿಮ್ಮ ಮೇಜಿಗೂ ಈ ಅರ್ಜಿಗಳ ಕಟ್ಟು ಬರುತ್ತದೆ. ತಂದವರು ನಗುಮೊಗದವರೇ ಆಗಿರುತ್ತಾರೆ; ಶಾಲೆಗೆ ಒಂದು ಗೋಡೆ ಗಡಿಯಾರವನ್ನೋ ಕುಡಿಯುವ ನೀರಿನ ಫಿಲ್ಟರನ್ನೋ ಕೊಟ್ಟಿರಲೂಬಹುದು. ಪರೀಕ್ಷೆ ಬೇಡವೆನ್ನಲು ನಾನು ಹೇಳುತ್ತಿಲ್ಲ. ಮಕ್ಕಳಿಗೆ ಹಂಚುವ ಮೊದಲು ನಾಲ್ಕನೆಯ ಅಂಕಣದಿಂದ ಕೆಳಗೆ ಒಂದು ಗೆರೆ ಎಳೆಯಿರಿ. ಫಲಿತಾಂಶ ಶಾಲೆಯ ವಿಳಾಸಕ್ಕೆ ಬರಲಿ ಎಂದು ಬರೆಯಿರಿ. ಆಮೇಲೂ ಅವರು ಪರೀಕ್ಷೆ ನಡೆಸುತ್ತಾರೆಯೇ ಎಂಬುದನ್ನು ನೋಡಿ ನನಗೊಂದು ಪತ್ರ ಬರೆಯಿರಿ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಅವಳದೇ ಫೋನು ಬಂತು. ಮಗಳು ವಾಣಿಜ್ಯ ವಿಭಾಗದಲ್ಲಿ ಚೆನ್ನಾಗಿ ಓದುತ್ತಿದ್ದಾಳಂತೆ. ತಮ್ಮ ಈಗ ಒಂಬತ್ತನೆಯಲ್ಲಿದ್ದಾನೆ. ಅವನ ಹೆಸರು ಹೇಳಿ ನಿನ್ನೆ ಯಾರೋ ಕರೆ ಮಾಡಿದ್ದರಂತೆ.